ಒಂದೇ ತಲಾಖ್ ಸಾಕು: ಎರಡು ಮನೆಯ ಮಾತುಕತೆಯಿಂದ ಇದ್ದತ್ ಮುಗಿಯುವವರೆಗೆ

ತಲಾಖ್‌ನ ಮಾತು ಜಮಾಅತಿನ ಮುಂದೆ ಬಂದಾಗ ಹಾಸನ, ಚಿಕ್ಕಮಗಳೂರು ಕಡೆ ಈಗಲೂ ಬಹಳ ಜನರ ತಲೆಯಲ್ಲಿರುವ ನಂಬಿಕೆ ಒಂದೇ: ಮೂರು ಸಲ ಹೇಳಿದರೆ ಮಾತ್ರ ಬಿಡುಗಡೆ ಪೂರ್ತಿಯಾಗುತ್ತದೆ, ಒಂದು ಸಲ ಹೇಳಿದರೆ ಅರ್ಧಂಬರ್ಧ. ಓದಿದವರೂ ಹೀಗೇ ತಿಳಿದಿದ್ದಾರೆ. ಶಾಸ್ತ್ರ ಹೇಳುವುದು ಬೇರೆ. ಒಂದು ಸಲ ಹೇಳಿ, ಇದ್ದತ್, ಅಂದರೆ ತಲಾಖ್ ನಂತರ ಹೆಂಡತಿ ಕಾಯಬೇಕಾದ ಅವಧಿ, ಮುಗಿಯುವವರೆಗೆ ಸುಮ್ಮನಿದ್ದರೆ ಮದುವೆ ಪೂರ್ತಿಯಾಗಿ ಮುರಿಯುತ್ತದೆ. ಹೆಂಡತಿ ಇನ್ನೊಬ್ಬರನ್ನು ಮದುವೆಯಾಗಬಹುದು. ಮೂರರಿಂದ ಸಿಗುವ ಬಿಡುಗಡೆಯೆಲ್ಲ ಒಂದರಿಂದಲೇ ಸಿಗುತ್ತದೆ, ಮನಸ್ಸು ಬದಲಾದರೆ ಹಿಂದಿರುಗುವ ದಾರಿಯೂ ಉಳಿಯುತ್ತದೆ.

ಹನಫಿ ಪಂಡಿತರು ತಲಾಖನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ಹೆಂಡತಿ ಮುಟ್ಟಿನಿಂದ ಶುದ್ಧಳಾಗಿರುವಾಗ, ಆ ಶುದ್ಧಿಯ ಅವಧಿಯಲ್ಲಿ ದೇಹಸಂಪರ್ಕ ಆಗಿರದಿದ್ದರೆ, ಒಂದು ಸಲ ಹೇಳಿ ಇದ್ದತ್ ಮುಗಿಯಲು ಬಿಡುವುದು ಅಹ್ಸನ್, ಅಂದರೆ ಎಲ್ಲಕ್ಕಿಂತ ಒಳ್ಳೆಯದು. ಮೂರು ಶುದ್ಧಿ ಅವಧಿಗಳಲ್ಲಿ ಒಂದೊಂದರಂತೆ ಮೂರು ಹೇಳುವುದು ಹಸನ್. ಒಂದೇ ಉಸಿರಿನಲ್ಲಿ ಮೂರು ಹೇಳುವುದು, ಮುಟ್ಟಿನ ದಿನಗಳಲ್ಲಿ ಹೇಳುವುದು ಬಿದಅತ್, ಅಂದರೆ ಕ್ರಮ ತಪ್ಪಿದ್ದು. ಒಟ್ಟಿಗೆ ಹೇಳಿದ ಮೂರು ತಲಾಖ್ ಜಾರಿಯಾಗುತ್ತದೆ ಎಂಬುದೇ ಹನಫಿ, ಶಾಫಿ, ಮಾಲಿಕಿ ಮುಂತಾದ ನಾಲ್ಕೂ ಸುನ್ನಿ ಮದ್ಹಬ್‌ಗಳ, ಅಂದರೆ ಶಾಸ್ತ್ರಪಂಥಗಳ, ಪ್ರಧಾನ ಅಭಿಪ್ರಾಯವಾಗಿತ್ತು. ನಮ್ಮ ದೇಶದಲ್ಲಿ 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಶಾಯರಾ ಬಾನು ಪ್ರಕರಣದಲ್ಲಿ ಅದನ್ನು ತೆಗೆದುಹಾಕಿತು. 2019ರ ಕಾಯ್ದೆಯ ಪ್ರಕಾರ ಹಾಗೆ ಹೇಳುವುದು ಅನೂರ್ಜಿತವೂ ಹೌದು, ಮೂರು ವರ್ಷದವರೆಗೆ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧವೂ ಹೌದು. ಬಾಯಲ್ಲಿ ಹೇಳಿದರೂ, ಪತ್ರದಲ್ಲಿ ಬರೆದರೂ, ವಾಟ್ಸಾಪ್‌ನಲ್ಲಿ ಕಳಿಸಿದರೂ ಅಷ್ಟೇ. ಅಹ್ಸನ್ ಮತ್ತು ಹಸನ್ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಇಲ್ಲಿ ಅಹ್ಸನ್ ಒಂದನ್ನೇ ಹಿಡಿದು ಮೊದಲಿನಿಂದ ಕೊನೆಯವರೆಗೆ ಹೋಗೋಣ. ಲೆಕ್ಕ ಕೈಗೆ ಸಿಗಲೆಂದು ಒಂದು ಕಲ್ಪಿತ ಪ್ರಕರಣ ಇಟ್ಟುಕೊಳ್ಳುತ್ತೇನೆ. ಹುಡುಗ ಹಾಸನದವನು, ಮನೆಯಲ್ಲಿ ಉರ್ದು, ಹನಫಿ. ಸಕಲೇಶಪುರ ಕಡೆಯ ಕಾಫಿ ತೋಟದಲ್ಲಿ ರೈಟರ್ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಹುಡುಗಿ ಮೂಡಿಗೆರೆ ಕಡೆಯ ಬ್ಯಾರಿ ಮನೆತನದವಳು, ಶಾಫಿ. ಅತ್ತೆಯ ಮನೆಯಲ್ಲಿ ಒಬ್ಬಳೇ ಹೊಂದಿಕೊಳ್ಳಬೇಕಾಗಿ ಬಂದದ್ದು ಒಂದು ದೂರು. ಅವಳ ಆರು ಪವನು ಚಿನ್ನವನ್ನು ಗಂಡ ತನ್ನ ತಮ್ಮನ ಅಂಗಡಿಗೆಂದು ಅಡವಿಟ್ಟು ಬಿಡಿಸಿಕೊಡದಿರುವುದು ಇನ್ನೊಂದು. ಫೆಬ್ರವರಿಯಲ್ಲಿ ಅವಳು ತವರಿಗೆ ಹೋದವಳು ಹಿಂದಿರುಗಿಲ್ಲ.

ಮೊದಲ ಹಂತ: ಇಬ್ಬರು ಹಕಮರನ್ನು ಆರಿಸುವುದು

ಕುರ್‌ಆನಿನ 4:35ನೇ ವಚನ ಹೇಳುವುದು ನೇರವಾಗಿದೆ: ದಂಪತಿಯ ನಡುವೆ ಬಿರುಕಿನ ಭಯವಿದ್ದರೆ ಅವನ ಕಡೆಯಿಂದ ಒಬ್ಬ, ಅವಳ ಕಡೆಯಿಂದ ಒಬ್ಬ ಮಧ್ಯಸ್ಥನನ್ನು ನೇಮಿಸಿ. ಈ ಮಧ್ಯಸ್ಥರೇ ಹಕಮರು. ಬಿರುಕಿನ ಭಯ ಇರುವಾಗಲೇ ನೇಮಿಸಬೇಕು ಎಂಬುದನ್ನು ಗಮನಿಸಿ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ತಿರುಗುಮುರುಗು. ತಲಾಖ್ ಹೇಳಿಯಾದ ಮೇಲೆ ಎರಡೂ ಕಡೆಯ ಇಪ್ಪತ್ತು ಜನ ಮದ್ರಸಾದ ಕೋಣೆಯಲ್ಲಿ ಸೇರುತ್ತಾರೆ, ಜೋರು ದನಿಯವರ ಮಾತು ನಡೆಯುತ್ತದೆ, ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಅದು ಬರೀ ಲೆಕ್ಕ ಚುಕ್ತಾ ಮಾಡುವ ಸಭೆ.

ಹಕಮ್ ಆಗುವವರು ಮನೆಯ ಒಳಗುಟ್ಟು ಬಲ್ಲವರಾಗಿರಬೇಕು, ಜಗಳದಲ್ಲಿ ಪಾಲಿದ್ದವರಾಗಿರಬಾರದು. ನಮ್ಮ ಪ್ರಕರಣದಲ್ಲಿ ಹುಡುಗನ ತಮ್ಮ ಆಗುವುದಿಲ್ಲ, ಚಿನ್ನದ ಹಣ ಹೋಗಿರುವುದೇ ಅವನ ಅಂಗಡಿಗೆ. ಫೋನಿನಲ್ಲಿ ಭಾವನೊಂದಿಗೆ ಕೈಕೈ ಮಿಲಾಯಿಸುವ ಮಾತಾಡಿದ ಹುಡುಗಿಯ ಅಣ್ಣನೂ ಆಗುವುದಿಲ್ಲ. ಹುಡುಗನ ದೊಡ್ಡಪ್ಪ, ಹುಡುಗಿಯ ಸೋದರಮಾವ ಆಗಬಹುದು. ಮಸೀದಿಯ ಖತೀಬರೋ ಮುತವಲ್ಲಿಯೋ ಜಾಗ ಕೊಡಲಿ, ದಾಖಲೆ ಇಡಲಿ. ತೀರ್ಪು ಹೇಳುವ ಆತುರ ಅವರಿಗೆ ಬೇಡ.

ಕೂರುವ ಮೊದಲು ಒಂದು ವಿಷಯ ಕಾಗದದಲ್ಲಿ ಇತ್ಯರ್ಥವಾಗಬೇಕು: ಹಕಮರಿಗೆ ಎಷ್ಟು ಅಧಿಕಾರ? ಮಾಲಿಕಿ ಮದ್ಹಬ್‌ನಲ್ಲಿ ಅವರು ನ್ಯಾಯಾಧೀಶರಿದ್ದಂತೆ, ಕೂಡಿಸುವುದಲ್ಲದೆ ಬೇರ್ಪಡಿಸಲೂಬಹುದು. ಹನಫಿಯರಲ್ಲಿ, ಶಾಫಿಯರ ಪ್ರಬಲ ಅಭಿಪ್ರಾಯದಲ್ಲೂ, ಅವರು ದಂಪತಿಯ ಪ್ರತಿನಿಧಿಗಳು ಮಾತ್ರ. ಗಂಡ ಅಧಿಕಾರ ವಹಿಸಿಕೊಡದೆ ಅವನ ಪರವಾಗಿ ತಲಾಖ್ ಕೊಡಲಾರರು, ಹೆಂಡತಿ ಒಪ್ಪದೆ, ಮದುವೆಯಲ್ಲಿ ಗಂಡ ಅವಳಿಗೆ ಕೊಡಬೇಕಾದ ಮಹರ್ ಬಿಟ್ಟುಕೊಡಲಾರರು. ಖಲೀಫ ಅಲಿ ಅವರ ಮುಂದೆ ಇಂಥದೇ ಒಂದು ವ್ಯಾಜ್ಯ ಬಂದ ವರದಿಯನ್ನು ಎರಡೂ ಪಕ್ಷದ ಪಂಡಿತರು ಉಲ್ಲೇಖಿಸುತ್ತಾರೆ. ಕೂಡಿಸುವುದು ಸರಿ ಎನಿಸಿದರೆ ಕೂಡಿಸಿ, ಬೇರ್ಪಡಿಸುವುದು ಸರಿ ಎನಿಸಿದರೆ ಬೇರ್ಪಡಿಸಿ ಎಂದು ಅಲಿ ಹಕಮರಿಗೆ ಹೇಳಿದರು. ಹೆಂಗಸು ಒಪ್ಪಿದಳು. ಗಂಡ ಬೇರ್ಪಡಿಸುವುದಕ್ಕೆ ಮಾತ್ರ ಒಪ್ಪುವುದಿಲ್ಲ ಎಂದ. ಅವಳು ಒಪ್ಪಿದಂತೆ ನೀನೂ ಒಪ್ಪುವವರೆಗೆ ಇಲ್ಲಿಂದ ಹೋಗುವಂತಿಲ್ಲ ಎಂದು ಅಲಿ ತಡೆದರು. ಹಕಮರಿಗೆ ಬೇರ್ಪಡಿಸುವ ಅಧಿಕಾರವಿದೆ ಎಂದು ಇದರಿಂದ ಒಬ್ಬರು ತೆಗೆದರು. ಗಂಡನ ಒಪ್ಪಿಗೆ ಬೇಕಿದ್ದರಿಂದಲೇ ಅಲಿ ಒತ್ತಾಯಿಸಿದರು ಎಂದು ಇನ್ನೊಬ್ಬರು ತೆಗೆದರು. ನಮ್ಮ ಜಿಲ್ಲೆಗಳಲ್ಲಿ ಇರುವವರು ಹೆಚ್ಚಾಗಿ ಹನಫಿ, ಶಾಫಿಯರಾದ್ದರಿಂದ, ಅಧಿಕಾರ ಕೊಟ್ಟಿದ್ದರೆ ಕೊಟ್ಟಿದ್ದೇನೆ ಎಂದು ಇಬ್ಬರಿಂದಲೂ ಬರೆಸಿಕೊಳ್ಳುವುದೇ ಸರಿ. ಇಲ್ಲದಿದ್ದರೆ ಹಕಮರ ಮಾತು ಸಲಹೆ ಮಾತ್ರ.

ಎರಡನೇ ಹಂತ: ಕೂರುವುದು, ಬರೆದಿಡುವುದು

ಮೊದಲು ಇಬ್ಬರನ್ನೂ ಬೇರೆ ಬೇರೆ ಕೇಳಬೇಕು. ಹುಡುಗಿಯನ್ನು ಅವಳ ಅಮ್ಮನೂ ಇಲ್ಲದ ಕಡೆ, ಸೋದರಮಾವ ಒಬ್ಬರೇ ಕೇಳಲಿ. ಹುಡುಗ "ಅವಳು ನಮ್ಮ ಮನೆಗೆ ಹೊಂದುವುದಿಲ್ಲ" ಎಂದಾಗ ದೊಡ್ಡಪ್ಪ ಕೇಳಬೇಕಾದ ಪ್ರಶ್ನೆ ಇದು: "ನಿನಗೆ ಹೆಂಡತಿ ಬೇಡವೋ, ಅವಳ ಅಣ್ಣ ಆಡಿದ ಮಾತು ಬೇಡವೋ? ಎರಡನ್ನೂ ಒಂದೇ ಮಾಡಬೇಡ." ದೂರುಗಳು ಹೀಗೆ ಬಿಡಿಬಿಡಿಯಾದರೆ ಪರಿಹಾರವೂ ಬಿಡಿಬಿಡಿಯಾಗಿ ಕಾಣುತ್ತದೆ. ನಮ್ಮ ಪ್ರಕರಣದಲ್ಲಿ ಎರಡು ಪರಿಹಾರ ಹೊರಬರುತ್ತವೆ. ಚಿನ್ನವನ್ನು ಇಂತಿಷ್ಟು ತಿಂಗಳಲ್ಲಿ ಬಿಡಿಸಿಕೊಡುವುದು, ಸಕಲೇಶಪುರದಲ್ಲೇ ಬಾಡಿಗೆಗೆ ಒಂದು ಮನೆ ಮಾಡುವುದು.

ಪ್ರತಿ ಸಲ ಕೂತಾಗಲೂ ತಾರೀಖು, ಹಾಜರಿದ್ದವರು, ಅವನ ಮಾತು, ಅವಳ ಮಾತು, ಒಪ್ಪಿದ್ದು, ಒಪ್ಪದ್ದು ಒಂದು ಪುಟದಲ್ಲಿರಲಿ. ನಾಲ್ವರೂ ಸಹಿ ಹಾಕಲಿ. ಈ ಪುಟಕ್ಕೆ ಕೋರ್ಟಿನಲ್ಲಿ ತೂಕವಿದೆ. 2002ರಲ್ಲಿ ಶಮೀಂ ಆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತಲಾಖ್‌ಗೆ ಸಕಾರಣ ಇರಬೇಕು, ಅದಕ್ಕೆ ಮೊದಲು ಎರಡೂ ಕಡೆಯ ಮಧ್ಯಸ್ಥರಿಂದ ರಾಜಿಯ ಯತ್ನ ನಡೆದಿರಬೇಕು ಎಂಬ ನಿಲುವನ್ನು ಎತ್ತಿಹಿಡಿಯಿತು. ಯಾವತ್ತೋ ತಲಾಖ್ ಕೊಟ್ಟಿದ್ದೆ ಎಂದು ಜೀವನಾಂಶದ ಕೇಸಿನ ಉತ್ತರಪತ್ರದಲ್ಲಿ ಬರೆದ ಮಾತ್ರಕ್ಕೆ ತಲಾಖ್ ಆಗುವುದಿಲ್ಲ ಎಂದೂ ಹೇಳಿತು. ಹಕಮರು ಕೂತೇ ಇಲ್ಲದ ತಲಾಖ್ ಶಾಸ್ತ್ರದ ಲೆಕ್ಕದಲ್ಲಿ ನಡೆದಂತೆ ಕಂಡರೂ ಕೋರ್ಟಿನಲ್ಲಿ ಬಿದ್ದುಹೋಗಬಹುದು.

ಇನ್ನೊಂದು ಮಾತು. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು. ಆ ದಿನಗಳಲ್ಲಿ ಕರೆದರೆ ತೋಟದಲ್ಲಿ ಕೆಲಸ ಮಾಡುವವರು ಒಂದು ಗಂಟೆ ಕೂತು ಎದ್ದುಹೋಗುತ್ತಾರೆ. ಮಾರ್ಚಿಗೆ ಇಟ್ಟುಕೊಂಡರೆ ಮಾತಿಗೆ ಬಿಡುವು ಸಿಗುತ್ತದೆ. ನಮ್ಮ ಪ್ರಕರಣದಲ್ಲೂ ಮಾರ್ಚಿಯಲ್ಲಿ ಕೂತರು ಎಂದಿಟ್ಟುಕೊಳ್ಳಿ. ಬಾಡಿಗೆ ಮನೆ ಮಾಡುತ್ತೇನೆಂದು ಒಪ್ಪಿದ ಹುಡುಗ ತಿಂಗಳ ಕೊನೆಗೆ ಹಿಂದೆ ಸರಿದ. ಹಕಮರು ರಾಜಿ ಆಗಲಿಲ್ಲ ಎಂದು ಬರೆದು ಸಹಿ ಹಾಕಿದರು.

ಮೂರನೇ ಹಂತ: ಯಾವಾಗ ಹೇಳುವುದು, ಏನು ಬರೆಯುವುದು

ಪ್ರವಾದಿಯವರ ಕಾಲದಲ್ಲಿ ಇಬ್ನ್ ಉಮರ್ ತಮ್ಮ ಹೆಂಡತಿಗೆ ಮುಟ್ಟಿನ ದಿನಗಳಲ್ಲಿ ತಲಾಖ್ ಹೇಳಿದ್ದರು. ಅವಳನ್ನು ವಾಪಸು ತೆಗೆದುಕೊಳ್ಳಲು, ಅವಳು ಶುದ್ಧಳಾಗಿ, ಮತ್ತೆ ಮುಟ್ಟಾಗಿ, ಮತ್ತೆ ಶುದ್ಧಳಾಗುವವರೆಗೆ ಕಾಯಲು, ಆಮೇಲೂ ಬೇಕೆನಿಸಿದರೆ ದೇಹಸಂಪರ್ಕ ಮಾಡದೆ ತಲಾಖ್ ಹೇಳಲು ಪ್ರವಾದಿಯವರು ಆಜ್ಞಾಪಿಸಿದರು. ಇದರಿಂದ ಎರಡು ಪ್ರಯೋಜನ. ಸಿಟ್ಟಿಗೆ ವಾರಗಳ ಬಿಡುವು ಸಿಗುತ್ತದೆ. ಸಂಪರ್ಕ ಆಗದ ಶುದ್ಧಿಯಾದ್ದರಿಂದ ಗರ್ಭದ ಅನುಮಾನ ಇಲ್ಲದೆ ಇದ್ದತ್ ಎಣಿಕೆ ಶುರುವಾಗುತ್ತದೆ.

ಅಂದರೆ ತಾರೀಖನ್ನು ಹುಡುಗಿಯ ಕಡೆಯಿಂದ ಕೇಳಿಯೇ ನಿಗದಿ ಮಾಡಬೇಕು. ನಾಚಿಕೊಂಡು ಕೇಳದೆ ಬಿಡುವುದರಿಂದಲೇ ಮುಂದೆ ಎಣಿಕೆ ಕೆಡುತ್ತದೆ. ಚಿಕ್ಕಮ್ಮನೋ ಅತ್ತಿಗೆಯೋ ಕೇಳಿ ಹೇಳಿದರೆ ಸಾಕು. ನಮ್ಮ ಹುಡುಗಿಗೆ ಮಾರ್ಚಿ 23ರಿಂದ 28ರವರೆಗೆ ಮುಟ್ಟು. ಫೆಬ್ರವರಿಯಿಂದ ತವರಿನಲ್ಲೇ ಇರುವುದರಿಂದ ಸಂಪರ್ಕವಿಲ್ಲ. ಏಪ್ರಿಲ್ 10ರಂದು ಇಬ್ಬರು ಸಾಕ್ಷಿಗಳ ಮುಂದೆ ಹುಡುಗ ಒಂದು ಸಲ ಹೇಳುತ್ತಾನೆ. ನಾಲ್ಕೂ ಸುನ್ನಿ ಮದ್ಹಬ್‌ಗಳಲ್ಲಿ ಸಾಕ್ಷಿ ಇಲ್ಲದಿದ್ದರೂ ತಲಾಖ್ ಆಗುತ್ತದೆ. ಆದರೂ 65:2ನೇ ವಚನ ಇಬ್ಬರು ನ್ಯಾಯವಂತರನ್ನು ಸಾಕ್ಷಿಯಾಗಿಡಿ ಎನ್ನುತ್ತದೆ. ಸಾಕ್ಷಿ ಇಲ್ಲದ ಮಾತನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದೂ ಕಷ್ಟ.

ಕಾಗದದ ಭಾಷೆಯಲ್ಲಿ ತುಂಬಾ ಎಚ್ಚರ ಬೇಕು. ಕೋರ್ಟಿನ ಎದುರು ಕೂತ ಪತ್ರಬರಹಗಾರರ ಬಳಿ ಛಾಪಾ ಕಾಗದ ತೆಗೆದುಕೊಂಡು ಹೋದರೆ ಅವರು ಅಭ್ಯಾಸಬಲದಿಂದ "ಇಂದಿನಿಂದ ನನಗೂ ನಿನಗೂ ಶಾಶ್ವತವಾಗಿ ಯಾವುದೇ ಸಂಬಂಧ ಇರುವುದಿಲ್ಲ" ಎಂದು ಸೇರಿಸುತ್ತಾರೆ. ಜಮೀನಿನ ಪತ್ರಕ್ಕೆ ಆ ಭಾಷೆ ಸರಿ. ಇಲ್ಲಿ ಅದರಿಂದ ಅನಾಹುತ. ಹನಫಿ ಶಾಸ್ತ್ರದಲ್ಲಿ ಇಂಥ ಬಿಗಿ ಮಾತು ಹಿಂದೆಗೆಯಬಹುದಾದ ತಲಾಖನ್ನು ಬಾಇನ್ ಮಾಡಿಬಿಡಬಹುದು, ಆಗ ವಾಪಸು ತೆಗೆದುಕೊಳ್ಳುವ ಅವಕಾಶ ಹೋಯಿತು. 2019ರ ಕಾಯ್ದೆಯೂ ತಕ್ಷಣ ಜಾರಿಯಾಗಿ ಹಿಂದೆಗೆಯಲಾಗದ ಯಾವುದೇ ರೂಪದ ತಲಾಖನ್ನು ಸೇರಿಸಿಕೊಂಡಿದೆ. ಇಷ್ಟೇ ಬರೆದರೆ ಸಾಕು:

"ಏಪ್ರಿಲ್ 10ರಂದು ಈ ಇಬ್ಬರು ಸಾಕ್ಷಿಗಳ ಸಮಕ್ಷಮ ನನ್ನ ಹೆಂಡತಿಗೆ ಒಂದು ರಜಈ ತಲಾಖ್ ಹೇಳಿದ್ದೇನೆ. ಇದು ಮೊದಲನೆಯದು. ಇದ್ದತ್ ಮುಗಿಯುವವರೆಗೆ ಅವಳನ್ನು ಹಿಂದಕ್ಕೆ ಕರೆದುಕೊಳ್ಳುವ ಹಕ್ಕು ನನಗಿದೆ. ಅಲ್ಲಿಯವರೆಗಿನ ವಾಸ ಮತ್ತು ಖರ್ಚು ನನ್ನ ಹೊಣೆ."

ರಜಈ ಎಂದರೆ ಹಿಂದೆಗೆಯಬಹುದಾದದ್ದು. "ಮೊದಲನೆಯದು" ಎಂಬ ಪದ ಬಿಡಬೇಡಿ. ಮುಂದೆ ಮತ್ತೆ ಕೂಡಿದರೂ ಈ ಒಂದು ಲೆಕ್ಕದಿಂದ ಅಳಿಯುವುದಿಲ್ಲ, ಉಳಿಯುವುದು ಎರಡೇ. ಕಾಗದದ ಪ್ರತಿ ಹುಡುಗಿಯ ಕೈಗೆ ತಲುಪಿದ್ದಕ್ಕೆ ಸಹಿ ಇರಲಿ.

ನಾಲ್ಕನೇ ಹಂತ: ಇದ್ದತ್ ಎಣಿಸುವುದು

ಇಲ್ಲಿ ಆಗುವಷ್ಟು ತಪ್ಪು ಬೇರೆಲ್ಲೂ ಆಗುವುದಿಲ್ಲ. "ಮೂರು ತಿಂಗಳು ಹತ್ತು ದಿನ" ಎಂದು ಕೆಲವರು ಹೇಳುತ್ತಾರೆ, ಅಂಥ ಇದ್ದತ್ ಇಲ್ಲವೇ ಇಲ್ಲ. ನಾಲ್ಕು ತಿಂಗಳು ಹತ್ತು ದಿನ ಇರುವುದು ಗಂಡ ತೀರಿಕೊಂಡವಳಿಗೆ. ಮೂರು ತಿಂಗಳು ಇರುವುದು ಮುಟ್ಟು ನಿಂತುಹೋದ ವಯಸ್ಸಿನವಳಿಗೆ, ಮುಟ್ಟೇ ಆಗದವಳಿಗೆ, ಅದೂ ಚಾಂದ್ರಮಾನ ತಿಂಗಳು. ಗರ್ಭಿಣಿಗೆ ಹೆರಿಗೆಯಾಗುವವರೆಗೆ, ಅದು ಎಂಟು ದಿನವಾದರೂ ಸರಿ, ಎಂಟು ತಿಂಗಳಾದರೂ ಸರಿ. ಮದುವೆಯಾಗಿ ಕೂಡಿ ಬಾಳುವ ಮೊದಲೇ ತಲಾಖ್ ಆದರೆ ಇದ್ದತ್ ಇಲ್ಲ. ನಮ್ಮ ಹುಡುಗಿಯಂತೆ ಮುಟ್ಟಾಗುವವಳಿಗೆ 2:228ನೇ ವಚನ ಹೇಳುವುದು ಮೂರು "ಖುರೂಅ್". ಅರಬಿಯಲ್ಲಿ ಆ ಪದ ಮುಟ್ಟಿಗೂ ಬಳಕೆಯಾಗುತ್ತದೆ, ಎರಡು ಮುಟ್ಟಿನ ನಡುವಿನ ಶುದ್ಧಿಗೂ ಬಳಕೆಯಾಗುತ್ತದೆ. ಹನಫಿಯರು ಮೊದಲ ಅರ್ಥ ಹಿಡಿದರು, ಶಾಫಿಯರು ಎರಡನೆಯದನ್ನು ಹಿಡಿದರು.

ಕ್ಯಾಲೆಂಡರು ಮುಂದಿಟ್ಟುಕೊಳ್ಳಿ. ತಲಾಖ್ ಏಪ್ರಿಲ್ 10. ಮುಂದಿನ ಮುಟ್ಟು ಏಪ್ರಿಲ್ 20ರಿಂದ 25, ಆಮೇಲೆ ಮೇ 18ರಿಂದ 23, ಆಮೇಲೆ ಜೂನ್ 15ರಿಂದ 20. ಹನಫಿ ಲೆಕ್ಕದಲ್ಲಿ ಮೂರು ಪೂರ್ತಿ ಮುಟ್ಟು ಕಳೆಯಬೇಕು, ಜೂನ್ 20ರಂದು ಅವಳು ಶುದ್ಧಳಾಗಿ ಸ್ನಾನ ಮಾಡಿದಾಗ ಇದ್ದತ್ ಮುಗಿಯುತ್ತದೆ. ಶಾಫಿ ಲೆಕ್ಕದಲ್ಲಿ ತಲಾಖ್ ಹೇಳಿದ ಶುದ್ಧಿಯಲ್ಲಿ ಉಳಿದಷ್ಟು ಭಾಗವೇ ಮೊದಲನೆಯದು, ಏಪ್ರಿಲ್ ಮುಟ್ಟಿನಿಂದ ಮೇ ಮುಟ್ಟಿನ ನಡುವಿನದು ಎರಡನೆಯದು, ಮೇಯಿಂದ ಜೂನ್ ನಡುವಿನದು ಮೂರನೆಯದು. ಜೂನ್ 15ರಂದು ಮುಟ್ಟು ಶುರುವಾದೊಡನೆ ಇದ್ದತ್ ಮುಗಿಯಿತು. ಐದು ದಿನದ ವ್ಯತ್ಯಾಸ.

ಹಾಸನದ ಹುಡುಗ ಜೂನ್ 17ರಂದು ಬಂದು "ವಾಪಸು ಕರೆದುಕೊಂಡೆ" ಎಂದರೆ ಅವನ ಖತೀಬರು ಸರಿ ಎನ್ನುತ್ತಾರೆ, ಮೂಡಿಗೆರೆಯ ಉಸ್ತಾದರು ಮದುವೆಯೇ ಮುಗಿದಿದೆ ಎನ್ನುತ್ತಾರೆ. ಎರಡು ಮದ್ಹಬ್ ನಡುವಿನ ಸಂಬಂಧ ನಮ್ಮಲ್ಲಿ ಅಪರೂಪವಲ್ಲ, ಹಾಗಾಗಿ ಇದನ್ನು ಮೊದಲೇ ಬರೆದಿಡಿ ಎನ್ನುತ್ತೇನೆ. ವಾಪಸು ಕರೆದುಕೊಳ್ಳುವುದಾದರೆ ಜೂನ್ 15ರ ಮೊದಲು. ಹುಡುಗಿಗೆ ಬೇರೆ ಸಂಬಂಧ ನೋಡುವುದಾದರೆ ಜೂನ್ 20ರ ಸ್ನಾನದ ನಂತರ. ನಡುವಿನ ಐದು ದಿನದಲ್ಲಿ ಇಬ್ಬರಿಗೂ ಕೂಡುವ ಮನಸ್ಸಾದರೆ ಹೊಸ ಮಹರ್ ಇಟ್ಟು ನಿಕಾಹ್ ಮಾಡಿಸಿ. ಅದೇ ಗಂಡನೊಂದಿಗೆ ಆದ್ದರಿಂದ ಯಾವ ಮದ್ಹಬ್‌ನಲ್ಲೂ ದೋಷವಿಲ್ಲ.

ಎಣಿಕೆಯಲ್ಲಿ ಹುಡುಗಿಯ ಮಾತೇ ಪ್ರಮಾಣ. ಅದಕ್ಕೊಂದು ಮಿತಿ ಇದೆ. 60 ದಿನಕ್ಕಿಂತ ಮೊದಲು ಮೂರು ಮುಟ್ಟು ಮುಗಿಯಿತು ಎಂದರೆ ಅಬೂ ಹನೀಫಾ ಒಪ್ಪುವುದಿಲ್ಲ. ಎಳೆಮಗುವಿಗೆ ಹಾಲೂಡಿಸುತ್ತಿರುವ ತಾಯಿಗೆ ತಿಂಗಳುಗಟ್ಟಲೆ ಮುಟ್ಟೇ ಬರದಿರಬಹುದು. ಆಗ ಮೂರು ತಿಂಗಳು ಎಣಿಸಿ ಮುಗಿಸುವಂತಿಲ್ಲ, ಮುಟ್ಟು ಮರಳುವವರೆಗೆ ಕಾಯಬೇಕು. ಅಷ್ಟು ಕಾಲವೂ ಗಂಡನೇ ಖರ್ಚು ಕೊಡಬೇಕು. ಇದನ್ನು ತಿಳಿಯದೆ ತೊಂಬತ್ತನೇ ದಿನಕ್ಕೆ ಹಣ ನಿಲ್ಲಿಸುವ ಮನೆಗಳಿವೆ.

ಐದನೇ ಹಂತ: ಈ ಅವಧಿಯಲ್ಲಿ ಎಲ್ಲಿರುವುದು, ಹೇಗೆ ಮರಳುವುದು

65:1ನೇ ವಚನ ಅವಳನ್ನು ಮನೆಯಿಂದ ಹೊರಹಾಕಬೇಡಿ, ಅವಳೂ ಹೊರಡದಿರಲಿ ಎನ್ನುತ್ತದೆ. ಆಮೇಲೆ ಅಲ್ಲಾಹನು ಹೊಸದೊಂದನ್ನು ಉಂಟುಮಾಡಬಹುದು ಎಂಬ ಮಾತೂ ಅಲ್ಲೇ ಇದೆ. ತಲಾಖ್ ಹೇಳಿದ ದಿನ ಹುಡುಗಿ ತವರಿನಲ್ಲಿದ್ದರೆ ಗಂಡನ ಮನೆಗೆ ಮರಳಿ ಅಲ್ಲಿಯೇ ಇದ್ದತ್ ಕೂರುವುದು ಕ್ರಮ. ಒಂದೇ ಸೂರಿನಡಿ ಎರಡು ತಿಂಗಳು ಇದ್ದರೆ ಸಿಟ್ಟು ಇಳಿಯುವ ಅವಕಾಶವಿದೆ ಎಂಬುದೇ ಇದರ ತಿರುಳು. ನಮ್ಮಲ್ಲಿ ತಲಾಖ್ ಎಂದ ಕೂಡಲೇ ಅವಳ ಬಟ್ಟೆಬರೆ ಕಟ್ಟಿ ಕಳಿಸುತ್ತಾರೆ, ತವರಿನವರೂ "ಇನ್ನೇಕೆ ಅಲ್ಲಿರಬೇಕು" ಎಂದು ಕರೆದೊಯ್ಯುತ್ತಾರೆ. ಇದ್ದತ್ ಆಗ ಬರೀ ಕಾಯುವ ದಿನಗಳಾಗುತ್ತದೆ. ಹೊಡೆತ, ಜೀವಭಯ ಇರುವ ಮನೆಯಾದರೆ ಮಾತ್ರ ಅವಳನ್ನು ಅಲ್ಲಿಗೆ ಕಳಿಸಬಾರದು. ಅದು ಶಾಸ್ತ್ರ ಒಪ್ಪುವ ಕಾರಣವೂ ಹೌದು.

ವಾಪಸು ಕರೆದುಕೊಳ್ಳುವುದನ್ನು ರಜ್‌ಅತ್ ಎನ್ನುತ್ತಾರೆ. ಹನಫಿಯರಲ್ಲಿ ಮಾತಿನಿಂದಲೂ ಆಗುತ್ತದೆ, ಗಂಡ-ಹೆಂಡಿರಂತೆ ನಡೆದುಕೊಂಡರೂ ಆಗುತ್ತದೆ. ಶಾಫಿಯರಲ್ಲಿ ಬಾಯಿಬಿಟ್ಟು ಹೇಳಲೇಬೇಕು, ಸಂಪರ್ಕದಿಂದ ಮಾತ್ರ ಆಗುವುದಿಲ್ಲ. ಹಾಗಾಗಿ ಯಾವ ಮದ್ಹಬ್‌ನವರಾದರೂ ಮೊದಲು ಇಬ್ಬರ ಮುಂದೆ ಹೇಳಿ ಬರೆದಿಡುವುದು ಒಳ್ಳೆಯದು. ಶಾಸ್ತ್ರ ಇದಕ್ಕೆ ಹೆಂಡತಿಯ ಒಪ್ಪಿಗೆ ಕೇಳುವುದಿಲ್ಲ. ಆದರೆ ರಾಜಿ ಬಯಸುವವರಿಗೆ ಮಾತ್ರ ಈ ಹಕ್ಕು ಎಂದು 2:228 ಷರತ್ತು ಹಾಕಿದೆ. ಸತಾಯಿಸಲು ಕರೆದುಕೊಳ್ಳಬೇಡಿ ಎಂದು 2:231 ನೇರವಾಗಿ ತಡೆದಿದೆ. ಇದ್ದತ್ ಮುಗಿಯಲು ಎರಡು ದಿನ ಇರುವಾಗ ಕರೆದುಕೊಂಡು ಮತ್ತೆ ತಲಾಖ್ ಹೇಳುವವನನ್ನು ಹಕಮರು ಪ್ರಶ್ನಿಸಲೇಬೇಕು.

ಇದ್ದತ್ ನಡುವೆ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ವಾರಸಾ ಪಾಲು ಇದೆ. ರಜಈ ತಲಾಖ್‌ನಲ್ಲಿ ಅಲ್ಲಿಯವರೆಗೆ ಅವಳು ಹೆಂಡತಿಯೇ.

ಆರನೇ ಹಂತ: ಹಣ ಮತ್ತು ಒಡವೆ

ಇದ್ದತ್ ಮುಗಿಯುವುದರೊಳಗೆ ಬಾಕಿ ಮಹರ್, ಅವಳ ಆರು ಪವನು ಚಿನ್ನ, ತವರಿನಿಂದ ಬಂದ ಸಾಮಾನು ಅವಳ ಕೈಸೇರುವ ವ್ಯವಸ್ಥೆಯಾಗಬೇಕು. ಚಿನ್ನ ಗಂಡನ ಸಾಲಕ್ಕೆ ಅಡವಿದ್ದರೂ ಅದು ಅವಳದೇ, ಮಹರ್ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇದ್ದತ್ ಖರ್ಚಿಗೆ ಹತ್ತು ಸಾವಿರ ಕೊಟ್ಟು ಲೆಕ್ಕ ಮುಗಿಯಿತು ಎನ್ನುವುದೂ ನಿಲ್ಲುವುದಿಲ್ಲ. 1986ರ ಕಾಯ್ದೆ ಹೇಳುವ ನ್ಯಾಯಯುತ ಏರ್ಪಾಡು ಇದ್ದತ್ ಒಳಗೆ ಆಗಬೇಕಾದರೂ, ಅದು ಅವಳ ಮುಂದಿನ ಬದುಕಿಗೂ ಸಾಕಾಗುವಂತಿರಬೇಕು ಎಂದು 2001ರ ದಾನಿಯಲ್ ಲತೀಫಿ ತೀರ್ಪು ಹೇಳಿದೆ. ಎಲ್ಲರಿಗೂ ಅನ್ವಯಿಸುವ ಜೀವನಾಂಶದ ಕಾನೂನಿನಡಿಯಲ್ಲೂ ಅವಳು ಕೇಳಬಹುದು ಎಂದು 2024ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಸ್ಪಷ್ಟಪಡಿಸಿತು.

ಬಿಡುಗಡೆ ಬೇಕಿರುವುದು ಹುಡುಗಿಗಾದರೆ

ಹಕಮರ ಮುಂದೆ ಬರುವ ಅನೇಕ ಪ್ರಕರಣಗಳಲ್ಲಿ ಬೇಡ ಎನ್ನುವವಳು ಅವಳೇ. ಮಹರ್ ಅಥವಾ ಅದರಲ್ಲಿ ಒಂದಂಶ ಬಿಟ್ಟುಕೊಟ್ಟು ಪಡೆಯುವುದು ಖುಲಾ. ಇಬ್ಬರಿಗೂ ಬೇಡವಾಗಿ ಒಪ್ಪಿ ಬೇರೆಯಾಗುವುದು ಮುಬಾರಾತ್. ಎರಡೂ ಬಾಇನ್ ಆದ್ದರಿಂದ ಇದ್ದತ್ ನಡುವೆ ರಜ್‌ಅತ್ ಇಲ್ಲ. ಮತ್ತೆ ಕೂಡಬೇಕೆಂದರೆ ಹೊಸ ನಿಕಾಹ್ ಬೇಕು. ತಪ್ಪು ಗಂಡನದ್ದಾಗಿದ್ದರೆ ಅವಳಿಂದ ಹಣ ವಸೂಲು ಮಾಡುವುದನ್ನು ಹನಫಿ ಪಂಡಿತರೇ ತಪ್ಪೆಂದಿದ್ದಾರೆ. ಚಿನ್ನ ಅಡವಿಟ್ಟು ಬಿಡಿಸದ ಗಂಡ "ಮಹರ್ ಬಿಟ್ಟರೆ ಖುಲಾ ಕೊಡುತ್ತೇನೆ" ಎಂದರೆ ಅವಳ ಸೋದರಮಾವ ಒಪ್ಪಬಾರದು.

ಗಂಡ ತಲಾಖನ್ನೂ ಕೊಡದೆ, ಖುಲಾಕ್ಕೂ ಒಪ್ಪದೆ, ಹಕಮರಿಗೂ ಅಧಿಕಾರ ಕೊಡದೆ ಎಳೆದಾಡಿದರೆ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಡಿ ಅವಳು ಕೋರ್ಟಿಗೆ ಹೋಗಬಹುದು. ಎರಡು ವರ್ಷ ಖರ್ಚು ಕೊಡದಿರುವುದು, ನಾಲ್ಕು ವರ್ಷ ಪತ್ತೆಯಿಲ್ಲದಿರುವುದು, ಕ್ರೌರ್ಯ ಅದರಲ್ಲಿರುವ ಕಾರಣಗಳಲ್ಲಿ ಕೆಲವು. ಹೆಂಡತಿಯ ಆಸ್ತಿಯನ್ನು ವಿಲೇವಾರಿ ಮಾಡುವುದನ್ನೂ ಆ ಕಾಯ್ದೆ ಕ್ರೌರ್ಯದ ಒಂದು ರೂಪವೆಂದು ಎಣಿಸುತ್ತದೆ, ಹಾಗಾಗಿ ಚಿನ್ನದ ಅಡವು ರಸೀದಿ ಸಿಕ್ಕರೆ ಜೋಪಾನವಾಗಿಡಿ. ವಕೀಲರ ಫೀಸಿಗೆ ಹೆದರುವ ಕಾರಣವಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಹಕಮರು ಬರೆದಿಟ್ಟ ಪುಟಗಳ ಪ್ರತಿಯನ್ನು ಆ ಅರ್ಜಿಯೊಂದಿಗೆ ಲಗತ್ತಿಸಬೇಕು.